ಮಹಿಳೆಯರ ಶೇವಿಂಗ್ ಜೆಲ್‌ಗೆ ನಿಜವಾಗಿಯೂ ಹೆಚ್ಚು ಬೆಲೆಯೇ? ಎರಡು ಡಬ್ಬಿಗಳನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ

ಲೆಕ್ಕದ ಸುಮಾ:
ನಮ್ಮ ಮನೆಯ ಸ್ನಾನದ ಕೋಣೆಯಲ್ಲಿ ಒಂದೇ ತಯಾರಕರ ಎರಡು ಶೇವಿಂಗ್ ಜೆಲ್ ಡಬ್ಬಿಗಳಿವೆ. ಕಪ್ಪು ಡಬ್ಬಿ ನನ್ನ ಯಜಮಾನರದು, ತಿಳಿಗುಲಾಬಿ ಬಣ್ಣದ್ದು ನನ್ನದು. ಕಪ್ಪು ಡಬ್ಬಿಯ ಬೆಲೆಯನ್ನು 100 ಎಂದು ಇಟ್ಟುಕೊಂಡರೆ ನನ್ನ ಡಬ್ಬಿಯ ಬೆಲೆ 90. ಆದ್ದರಿಂದ ನನ್ನದೇ ಅಗ್ಗವೆಂದು ಇಷ್ಟು ದಿನ ನಂಬಿದ್ದೆ. ಮೊನ್ನೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಅವರದರಲ್ಲಿ 200 ಮಿಲಿಲೀಟರ್, ನನ್ನದರಲ್ಲಿ 150 ಮಿಲಿಲೀಟರ್ ಮಾತ್ರ ಇದೆ ಎಂಬುದು ಗಮನಕ್ಕೆ ಬಂತು. ನೂರು ಮಿಲಿಲೀಟರಿಗೆ ಲೆಕ್ಕ ಹಾಕಿದರೆ ಅವರದು 50, ನನ್ನದು 60. ಅಂದರೆ ಅಗ್ಗವೆಂದುಕೊಂಡಿದ್ದ ಡಬ್ಬಿಯೇ ಶೇಕಡಾ 20ರಷ್ಟು ದುಬಾರಿ.

ಹಿಂಬದಿಯ ಘಟಕಗಳ ಪಟ್ಟಿಯನ್ನೂ ಓದಿದೆ. ಎರಡರಲ್ಲೂ ಮೊದಲ ಆರು ಹೆಸರುಗಳು ಒಂದೇ ಕ್ರಮದಲ್ಲಿವೆ: ನೀರು, ಪಾಮಿಟಿಕ್ ಆಸಿಡ್, ಟ್ರೈಎಥನಾಲಮೈನ್, ಐಸೊಪೆಂಟೇನ್, ಸ್ಟಿಯರಿಕ್ ಆಸಿಡ್, ಗ್ಲಿಸರಿಲ್ ಓಲಿಯೇಟ್. ಅದರ ನಂತರ ಅವರದರಲ್ಲಿ ಪರಿಮಳ, ಐಸೊಬ್ಯುಟೇನ್, ಹೈಡ್ರಾಕ್ಸಿಎಥೈಲ್ ಸೆಲ್ಯುಲೋಸ್, ಮೆಂಥಾಲ್ ಮತ್ತು ಬಣ್ಣ. ನನ್ನದರಲ್ಲಿ ಐಸೊಬ್ಯುಟೇನ್, ಸಾರ್ಬಿಟಾಲ್, ಪರಿಮಳ, ಅದೇ ಸೆಲ್ಯುಲೋಸ್, ಲೋಳೆಸರದ ರಸ ಮತ್ತು ಬಣ್ಣ. ಇವೆರಡೂ ಒಂದೇ ಜೆಲ್ ಎಂದು ಹೇಳಬಹುದೇ? ಸಾರ್ಬಿಟಾಲ್ ಮತ್ತು ಲೋಳೆಸರಕ್ಕಾಗಿ ನಾನು ಆ ಶೇಕಡಾ 20ನ್ನು ಕೊಡುತ್ತಿದ್ದೇನೆಯೇ?

ಬರೀ ಬಣ್ಣ:
ಇದರಲ್ಲಿ ಪ್ರಶ್ನೆಯೇ ಇಲ್ಲ, ಸುಮಾ ಅವರೇ. ಒಂದೇ ತೊಟ್ಟಿಯ ಸರಕನ್ನು ಎರಡು ಡಬ್ಬಿಗೆ ತುಂಬಿ, ಒಂದಕ್ಕೆ ಗುಲಾಬಿ ಬಣ್ಣ ಬಳಿದು ಮಾರುತ್ತಾರೆ. ಮೊದಲ ಆರು ಘಟಕಗಳು ಒಂದೇ ಆಗಿದ್ದರೆ ಉಳಿದದ್ದೆಲ್ಲ ಅಲಂಕಾರ. ನಮ್ಮ ಮನೆಯಲ್ಲಿ ಜೆಲ್, ಡಿಯೋಡರೆಂಟ್, ಶಾಂಪೂ ಎಲ್ಲವೂ ಪುರುಷರವೇ ಬರುತ್ತವೆ, ಎಲ್ಲರೂ ಅವನ್ನೇ ಬಳಸುತ್ತೇವೆ. ನ್ಯೂಯಾರ್ಕ್ ನಗರದ ಗ್ರಾಹಕ ವ್ಯವಹಾರಗಳ ಇಲಾಖೆ 2015ರಲ್ಲೇ ಸುಮಾರು 800 ಸರಕುಗಳನ್ನು ಹೋಲಿಸಿ, ದೇಹದ ಆರೈಕೆಯ ಸರಕುಗಳಲ್ಲಿ ಮಹಿಳೆಯರವು ಸರಾಸರಿ ಶೇಕಡಾ 13ರಷ್ಟು ಹೆಚ್ಚು ಬೆಲೆಯವು ಎಂದು ತೋರಿಸಿದೆ. ಕೂದಲಿನ ಶಾಂಪೂ ಮತ್ತು ಕಂಡಿಷನರ್‌ಗಳಲ್ಲಂತೂ ಅಂತರ ಶೇಕಡಾ 48. ಇನ್ನೇನು ಪುರಾವೆ ಬೇಕು?

ವಾಣಿ:
ಕ್ಷಮಿಸಿ, ನನಗೊಂದು ಗೊಂದಲ. ಇದನ್ನು ‘ಪಿಂಕ್ ಟ್ಯಾಕ್ಸ್’ ಎನ್ನುತ್ತಾರಲ್ಲ, ಆ ತೆರಿಗೆಯನ್ನು ಸರ್ಕಾರ ತೆಗೆದುಹಾಕಿದರೆ ಬೆಲೆ ತಾನಾಗಿಯೇ ಇಳಿಯುವುದಿಲ್ಲವೇ? ಸ್ಯಾನಿಟರಿ ಪ್ಯಾಡುಗಳ ವಿಷಯದಲ್ಲಿ ಕೆಲವು ಕಡೆ ಹಾಗೆ ಮಾಡಿದ್ದಾರೆಂದು ಓದಿದ್ದೆ.

ಲೆಕ್ಕದ ಸುಮಾ:
ವಾಣಿ ಅವರೇ, ಇಲ್ಲಿ ತೆರಿಗೆಯೇ ಇಲ್ಲ, ಹೆಸರು ಮಾತ್ರ ಹಾಗಿದೆ. ಪ್ಯಾಡುಗಳ ಮೇಲಿನದು ಸರ್ಕಾರ ವಿಧಿಸುವ ನಿಜವಾದ ತೆರಿಗೆ, ಅದನ್ನು ತೆಗೆಯಲು ಬರುತ್ತದೆ. ನಾನು ಕೇಳುತ್ತಿರುವುದು ತಯಾರಕರೂ ಮಾರುವವರೂ ತಾವಾಗಿಯೇ ಇಡುವ ಬೆಲೆಯ ವ್ಯತ್ಯಾಸದ ಬಗ್ಗೆ.

ಹಳೆಯ ಬೀಕರು:
ನಾನು ಬೇರೆ ಬೇರೆ ಬ್ರ್ಯಾಂಡುಗಳಿಗೆ ಸರಕು ತಯಾರಿಸಿಕೊಡುವ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಶೇವಿಂಗ್ ಜೆಲ್‌ಗಳನ್ನೂ ಮಾಡಿದ್ದೇನೆ. ‘ಬರೀ ಬಣ್ಣ’ ಅವರು ಹೇಳಿದ್ದು ಅರ್ಧ ಸರಿ. ಆದರೆ ಆ ಅರ್ಧವನ್ನೂ ಲೇಬಲ್‌ನಿಂದ ಮಾತ್ರ ಸಾಬೀತುಪಡಿಸಲು ಆಗುವುದಿಲ್ಲ.

ಲೇಬಲ್ ಓದುವ ನಿಯಮ ಹೆಚ್ಚಿನ ಕಡೆ ಒಂದೇ ರೀತಿ ಇದೆ. ಶೇಕಡಾ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕೆಳಗಿನವನ್ನು ತಯಾರಕರು ತಮಗೆ ಬೇಕಾದ ಕ್ರಮದಲ್ಲಿ ಬರೆಯಬಹುದು. ಹೀಗಾಗಿ ಪಟ್ಟಿಯ ನಡುವೆ ಎಲ್ಲೋ ಕಣ್ಣಿಗೆ ಕಾಣದ ಒಂದು ಗೆರೆಯಿರುತ್ತದೆ. ಆ ಗೆರೆಯ ಮೇಲಿನ ಕ್ರಮಕ್ಕೆ ಅರ್ಥವಿದೆ, ಕೆಳಗಿನ ಕ್ರಮಕ್ಕೆ ಅರ್ಥವಿಲ್ಲ. ಗೆರೆಯನ್ನು ಪತ್ತೆಹಚ್ಚಲು ನಾವು ಸಣ್ಣ ಪ್ರಮಾಣದಲ್ಲಷ್ಟೇ ಹಾಕುವ ವಸ್ತುವೊಂದನ್ನು ಹುಡುಕಬೇಕು. ಕ್ರೀಮು, ಲೋಷನ್‌ಗಳಲ್ಲಿ ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕ ಈ ಕೆಲಸಕ್ಕೆ ಬರುತ್ತದೆ, ಏಕೆಂದರೆ ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಅದನ್ನು ಶೇಕಡಾ 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಅದರ ನಂತರ ಬರುವುದೆಲ್ಲವೂ ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಎಂದು ಧೈರ್ಯವಾಗಿ ಹೇಳಬಹುದು. ನಿಮ್ಮ ಜೆಲ್‌ನಲ್ಲಿ ಅದಿಲ್ಲ, ಆದರೆ ಹೈಡ್ರಾಕ್ಸಿಎಥೈಲ್ ಸೆಲ್ಯುಲೋಸ್ ಇದೆ. ಅದು ಮಂದಗೊಳಿಸುವ ವಸ್ತು, ಇಂಥ ಜೆಲ್‌ಗಳಿಗೆ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆಯೇ ಸಾಕು. ಎರಡೂ ಪಟ್ಟಿಗಳಲ್ಲಿ ಲೋಳೆಸರ, ಮೆಂಥಾಲ್ ಅದರ ನಂತರ ಬಂದಿವೆ. ಡಬ್ಬಿಯ ಮುಂಭಾಗದಲ್ಲಿ ಎಲೆಯ ಚಿತ್ರ ಎಷ್ಟೇ ದೊಡ್ಡದಿರಲಿ, ಒಳಗಿರುವ ಲೋಳೆಸರ ಅತ್ಯಲ್ಪ. ಮೆಂಥಾಲ್ ಮಾತ್ರ ಅಷ್ಟು ಕಡಿಮೆ ಪ್ರಮಾಣದಲ್ಲೂ ಚರ್ಮಕ್ಕೆ ಗೊತ್ತಾಗುತ್ತದೆ.

ಪರಿಮಳ, ಐಸೊಬ್ಯುಟೇನ್, ಸಾರ್ಬಿಟಾಲ್ ಇವು ಮೂರೂ ಗೆರೆಯ ಆಸುಪಾಸಿನವು. ಒಂದರಲ್ಲಿ ಪರಿಮಳ ಮೊದಲು, ಇನ್ನೊಂದರಲ್ಲಿ ಐಸೊಬ್ಯುಟೇನ್ ಮೊದಲು ಎಂಬುದರಿಂದ ನಾನಂತೂ ಏನನ್ನೂ ತೀರ್ಮಾನಿಸುವುದಿಲ್ಲ.

ಬರೀ ಬಣ್ಣ:
ಹಾಗಾದರೆ ಮೊದಲ ಆರು ಘಟಕಗಳು ಗೆರೆಯ ಮೇಲಿನವು, ಅವುಗಳ ಕ್ರಮವೂ ಒಂದೇ. ನಾನು ಹೇಳಿದ್ದೂ ಅದನ್ನೇ ಅಲ್ಲವೇ ಸರ್?

ಹಳೆಯ ಬೀಕರು:
ಕ್ರಮ ಒಂದೇ ಇದ್ದ ಮಾತ್ರಕ್ಕೆ ಪ್ರಮಾಣ ಒಂದೇ ಆಗುವುದಿಲ್ಲ. ಶೇವಿಂಗ್ ಜೆಲ್‌ನಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು, ಅದಕ್ಕೆ ಕಾರಣವಿದೆ.

ಈ ಜೆಲ್ ಮೂಲತಃ ಒಂದು ಸಾಬೂನು. ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳು ಟ್ರೈಎಥನಾಲಮೈನ್‌ನೊಂದಿಗೆ ಸೇರಿ ಅಲ್ಲಿಯೇ ಸಾಬೂನಾಗುತ್ತವೆ. ಆಮ್ಲ ಇಷ್ಟಿದ್ದರೆ ಟ್ರೈಎಥನಾಲಮೈನ್ ಇಷ್ಟು ಬೇಕು ಎಂಬ ಲೆಕ್ಕವಿದೆ. ಆಮ್ಲವನ್ನು ಕಡಿಮೆ ಮಾಡಿದರೆ ಅದನ್ನೂ ಅದೇ ಅನುಪಾತದಲ್ಲಿ ಕಡಿಮೆ ಮಾಡಬೇಕಾಗುತ್ತದೆ. ಶೇಕಡಾ 8ರಷ್ಟು ಪಾಮಿಟಿಕ್ ಆಮ್ಲವಿರುವ ಜೆಲ್ಲನ್ನು ಯಾರಾದರೂ ಶೇಕಡಾ 6ಕ್ಕೆ ಇಳಿಸಿ, ಉಳಿದುದನ್ನೂ ಅದಕ್ಕೆ ತಕ್ಕಂತೆ ಇಳಿಸಿ, ಖಾಲಿಯಾದ ಜಾಗಕ್ಕೆ ನೀರು ತುಂಬಿದರೆ ಪಟ್ಟಿಯ ಕ್ರಮದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ನೀರು ಮೊದಲೂ ಮೊದಲನೆಯದೇ, ಆಮೇಲೂ ಮೊದಲನೆಯದೇ. ಸೂತ್ರವನ್ನು ತೆಳುವಾಗಿಸಿದ್ದಾರೆಯೇ ಎಂಬ ಒಂದೇ ಪ್ರಶ್ನೆಗೆ ಲೇಬಲ್ ಉತ್ತರ ಕೊಡುವುದಿಲ್ಲ. ಬೆಲೆಯ ಚರ್ಚೆಗೆ ಬೇಕಾದದ್ದು ಅದೇ ಪ್ರಶ್ನೆ.

ಮನೆಯಲ್ಲೇ ಒಂದು ಮಟ್ಟಿಗೆ ಪರೀಕ್ಷಿಸಬಹುದು. ದಶಮಾಂಶ ಒಂದು ಗ್ರಾಂ ತನಕ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ಒಂದೇ ತೆರನಾದ ಎರಡು ಅಗಲ ತಟ್ಟೆಗಳನ್ನು ಮೊದಲು ಖಾಲಿಯಾಗಿ ತೂಗಿ ಬರೆದಿಟ್ಟುಕೊಳ್ಳಿ. ಒಂದೊಂದಕ್ಕೂ 20 ಗ್ರಾಂ ಜೆಲ್ ಹಾಕಿ ತೆಳ್ಳಗೆ ಹರಡಿ. ಎರಡನ್ನೂ ಗಾಳಿಯಾಡುವ ಒಂದೇ ಜಾಗದಲ್ಲಿ ಅಕ್ಕಪಕ್ಕ ಇಡಿ. ಐಸೊಪೆಂಟೇನ್ ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ, ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವ ದ್ರವ. ಅಂಗೈಯ ಬಿಸಿಗೆ ಜೆಲ್ ನೊರೆಯಾಗುವುದೂ ಅದರಿಂದಲೇ. ಆದ್ದರಿಂದ ಒಲೆಯ ಹತ್ತಿರ ಇಡಬೇಡಿ, ಬಿಸಿ ಮಾಡಿ ಒಣಗಿಸಲು ಹೋಗಬೇಡಿ. ಅದು ಹಾರಿಹೋಗುತ್ತದೆ, ನೀರು ನಿಧಾನವಾಗಿ ಆರುತ್ತದೆ, ಸಾಬೂನು ಮತ್ತು ಮೇದಸ್ಸು ತಟ್ಟೆಯಲ್ಲಿ ಉಳಿಯುತ್ತವೆ. ಎರಡು ದಿನ ಒಂದೇ ತೂಕ ಬಂದಾಗ ನಿಲ್ಲಿಸಿ. ಉಳಿದ ವಸ್ತು ಗಾಳಿಯ ತೇವವನ್ನು ಸ್ವಲ್ಪ ಹಿಡಿದುಕೊಳ್ಳುವುದರಿಂದ ಸಿಗುವ ಸಂಖ್ಯೆ ನಿಖರವಲ್ಲ, ಆದರೆ ಎರಡು ತಟ್ಟೆಗಳ ಹೋಲಿಕೆ ನಿಲ್ಲುತ್ತದೆ. ಮೇಲೆ ಹೇಳಿದಂತೆ ಕಾಲು ಭಾಗ ತೆಳುವಾಗಿಸಿದ್ದರೆ ಉಳಿಕೆಯಲ್ಲೂ ಹೆಚ್ಚುಕಡಿಮೆ ಕಾಲು ಭಾಗದ ಕೊರತೆ ಕಾಣಬೇಕು.

ಮಲ್ಲಿಗೆ:
ನನ್ನ ಅನುಭವವನ್ನು ಇಲ್ಲಿ ಹೇಳುತ್ತೇನೆ, ವಿಷಯಕ್ಕೆ ಸಂಬಂಧಿಸಿದ್ದೇ. ಇಂಥದ್ದೇ ಚರ್ಚೆಯೊಂದನ್ನು ಓದಿ ನಾನೂ ತಮ್ಮನ ಜೆಲ್ ಬಳಸಲಾರಂಭಿಸಿದೆ. ಕಾಲಿಗೆ ಏನೂ ಆಗಲಿಲ್ಲ, ಕಂಕುಳಿಗೆ ಹಚ್ಚಿದಾಗ ಉರಿ ಬಂದು ಎರಡು ದಿನ ಕೆಂಪಾಗಿತ್ತು. ಅದರಲ್ಲೂ ಮೆಂಥಾಲ್ ಇತ್ತು. ಪುರುಷರದ್ದನ್ನೇ ಕೊಳ್ಳಿ ಎಂದು ಸಲಹೆ ಕೊಡುವವರು ಇದನ್ನೂ ಒಂದು ಮಾತು ಹೇಳಿದರೆ ಒಳ್ಳೆಯದು.

ಹಳೆಯ ಬೀಕರು:
ಮೆಂಥಾಲ್ ಆಗಿರಬಹುದು, ಪರಿಮಳವೂ ಆಗಿರಬಹುದು, ಹೊಸದಾಗಿ ಕ್ಷೌರ ಮಾಡಿದ ಚರ್ಮದ ಮೇಲೆ ಸಾಬೂನಿನ ಕ್ಷಾರವೂ ಉರಿ ತರಬಲ್ಲದು. ‘ಪರಿಮಳ’ ಎಂಬ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳಿರುತ್ತವೆ. ಐರೋಪ್ಯ ನಿಯಮಕ್ಕೆ ಒಳಪಟ್ಟ ಲೇಬಲ್ ಆಗಿದ್ದರೆ, ತೊಳೆದುಬಿಡುವ ಸರಕಿನಲ್ಲಿ ಅಲರ್ಜಿ ತರಬಲ್ಲ ಪರಿಮಳ ಘಟಕವೊಂದು ಶೇಕಡಾ 0.01 ಮೀರಿದಾಗ ಅದರ ಹೆಸರನ್ನು ಬೇರೆಯಾಗಿ ಬರೆಯಬೇಕು. ಲಿಮೊನೀನ್, ಲಿನಲೂಲ್ ಮುಂತಾದ ಹೆಸರುಗಳು ಪಟ್ಟಿಯ ಕೊನೆಯಲ್ಲಿ ಕಾಣುವುದು ಹಾಗಾಗಿ. ಎರಡು ಡಬ್ಬಿಗಳಲ್ಲಿ ಈ ಕೊನೆಯ ಹೆಸರುಗಳು ಬೇರೆಯಾಗಿದ್ದರೆ, ಉಳಿದದ್ದೆಲ್ಲ ಒಂದೇ ಇದ್ದರೂ ನಿಮ್ಮ ಚರ್ಮಕ್ಕೆ ಅವು ಒಂದೇ ಅಲ್ಲ. ಉರಿ ಮತ್ತೆ ಬಂದರೆ ಚರ್ಮವೈದ್ಯರಿಗೆ ಎರಡೂ ಡಬ್ಬಿಗಳನ್ನು ತೋರಿಸಿ.

ಗೋದಾಮಿನವ:
ನಾನು ಸರಕು ಖರೀದಿಯ ಕೆಲಸದಲ್ಲಿರುವವನು, ಹಾಗಾಗಿ ಬೆಲೆಯ ಬಗ್ಗೆ ಮಾತ್ರ ಮಾತನಾಡುತ್ತೇನೆ. ಸುಮಾ ಅವರ ಲೆಕ್ಕದಲ್ಲಿ ಎರಡು ವಿಷಯಗಳು ಬೆರೆತಿವೆ. ಒಂದು ಯಾರಿಗಾಗಿ ಮಾಡಿದ ಡಬ್ಬಿ ಎಂಬುದು, ಇನ್ನೊಂದು ಎಷ್ಟು ದೊಡ್ಡ ಡಬ್ಬಿ ಎಂಬುದು. ಜೆಲ್ ಡಬ್ಬಿಯಲ್ಲಿ ಒಳಗಿನ ಸರಕಿಗಿಂತ ಲೋಹದ ಡಬ್ಬಿ, ಒಳಚೀಲ, ವಾಲ್ವ್, ಮುಚ್ಚಳ ಮತ್ತು ತುಂಬುವ ಯಂತ್ರದ ಸಮಯ ಇವುಗಳ ಖರ್ಚು ದೊಡ್ಡದು. ಅರ್ಧದಷ್ಟು ಜೆಲ್ ತುಂಬಿದರೆ ವಾಲ್ವಿನ ಖರ್ಚೇನೂ ಅರ್ಧವಾಗುವುದಿಲ್ಲ. ಆದ್ದರಿಂದ ಯಾವುದೇ ಸರಕಿನ ಸಣ್ಣ ಡಬ್ಬಿ ಮಿಲಿಲೀಟರಿಗೆ ದುಬಾರಿಯೇ ಆಗುತ್ತದೆ. ಅದೇ ತಯಾರಕರ ಪುರುಷರ ಜೆಲ್ ಪ್ರಯಾಣದ ಗಾತ್ರದಲ್ಲಿ ಸಿಕ್ಕರೆ ಅದರ ನೂರು ಮಿಲಿಲೀಟರ್ ಬೆಲೆಯನ್ನೂ ಹಾಕಿ ನೋಡಿ. ಅದು 60ಕ್ಕಿಂತ ಬಹಳ ಮೇಲಿದ್ದರೆ ನಿಮ್ಮ ಶೇಕಡಾ 20ರಲ್ಲಿ ಒಂದು ಪಾಲು ಗಾತ್ರದ್ದು.

‘ಬರೀ ಬಣ್ಣ’ ಅವರು ಹೇಳಿದ 2015ರ ವರದಿ ನಿಜ, ಆದರೆ ಅದು ಬ್ರ್ಯಾಂಡು, ಘಟಕ, ನೋಟ, ಜಾಹೀರಾತು ಇವುಗಳಲ್ಲಿ ಹತ್ತಿರವಾದ ಜೋಡಿಗಳನ್ನು ಹೋಲಿಸಿದ್ದು. ಒಳಗಿನ ಸೂತ್ರ ಒಂದೇ ಎಂದು ಸಾಧಿಸಿದ್ದಲ್ಲ. ಅಮೆರಿಕದ ಸಂಸತ್ತಿಗೆ ವರದಿ ಕೊಡುವ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ 10 ಬಗೆಯ ಸರಕುಗಳನ್ನು ನೋಡಿತು. ಐದರಲ್ಲಿ ಮಹಿಳೆಯರವು ದುಬಾರಿ, ಎರಡರಲ್ಲಿ ಪುರುಷರವು ದುಬಾರಿ. ಆ ಎರಡರಲ್ಲಿ ಒಂದು ಯಾವುದು ಗೊತ್ತೇ? ಶೇವಿಂಗ್ ಜೆಲ್!

ಬರೀ ಬಣ್ಣ:
ಅದು ನನಗೆ ತಿಳಿದಿರಲಿಲ್ಲ. ಆದರೆ ಸರಾಸರಿಯಲ್ಲಿ ಪುರುಷರ ಜೆಲ್ ದುಬಾರಿಯಾದರೆ ಸುಮಾ ಅವರ ಡಬ್ಬಿ ಅಗ್ಗವಾಗುವುದಿಲ್ಲವಲ್ಲ.

ಗೋದಾಮಿನವ:
ಒಪ್ಪಿದೆ. ಸರಾಸರಿ ಇರುವುದು ಇಡೀ ಕಪಾಟಿನ ಬಗ್ಗೆ, ಅವರ ಪ್ರಶ್ನೆ ಎರಡು ಡಬ್ಬಿಗಳ ಬಗ್ಗೆ. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮೂವರು ಸಂಶೋಧಕರು ಒಂದೇ ತಯಾರಕರ, ಮುಖ್ಯ ಘಟಕಗಳು ಒಂದೇ ಆಗಿರುವ ಸರಕುಗಳನ್ನು ಮಾತ್ರ ಜೋಡಿಸಿ ನೋಡಿದರು. ಹಾಗೆ ನೋಡಿದಾಗ ಮಹಿಳೆಯರ ಮೇಲೆ ಎಲ್ಲೆಡೆ ಹೇರಿದ ಹೆಚ್ಚುವರಿ ಬೆಲೆ ಅವರಿಗೆ ಕಾಣಲಿಲ್ಲ, ಕೆಲವು ಬಗೆಗಳಲ್ಲಿ ಮಹಿಳೆಯರದೇ ಅಗ್ಗವಾಗಿತ್ತು. ಹೆಚ್ಚಿನ ಅಂತರ ಬರುವುದು ಸೂತ್ರವೇ ಬೇರೆಯಾಗಿರುವ ಸರಕುಗಳಿಂದ ಎಂಬುದು ಅವರ ನಿಲುವು.

ಮಲ್ಲಿಗೆ:
ಆ ನಿಲುವಿನಿಂದ ನನಗೆ ಸಮಾಧಾನವಿಲ್ಲ. ಸೂತ್ರ ಬೇರೆ ಎಂದರೆ ಯಾವ ಕಾರಣಕ್ಕೆ ಬೇರೆ? ಕಾಲಿನ ಚರ್ಮಕ್ಕೆ ಬೇಕಾದದ್ದನ್ನು ಹಾಕಿದ್ದಾರೆಯೇ, ಅಥವಾ ಹೋಲಿಕೆಗೆ ಸಿಗಬಾರದೆಂದು ಒಂದೆರಡು ಹೆಸರು ಬದಲಿಸಿದ್ದಾರೆಯೇ? ಬೀಕರು ಸರ್ ಈಗಷ್ಟೇ ಹೇಳಿದರು, ಗೆರೆಯ ಕೆಳಗೆ ಏನು ಬೇಕಾದರೂ ಬರೆಯಬಹುದೆಂದು.

ಹಳೆಯ ಬೀಕರು:
ಏನು ಬೇಕಾದರೂ ಅಲ್ಲ, ಯಾವ ಕ್ರಮದಲ್ಲಿ ಬೇಕಾದರೂ. ಇಲ್ಲದ್ದನ್ನು ಬರೆಯುವಂತಿಲ್ಲ. ಆದರೆ ನಿಮ್ಮ ಅನುಮಾನ ತಪ್ಪಲ್ಲ. ಲೇಬಲ್‌ನಲ್ಲಿ ಹೆಸರು ಬರಲೆಂದೇ ಒಂದು ಸಸ್ಯದ ಸಾರವನ್ನು ಸೊನ್ನೆ ದಶಮಾಂಶದ ಪ್ರಮಾಣದಲ್ಲಿ ಹಾಕಿದ ಸರಕುಗಳನ್ನು ನಾನೇ ಮಾಡಿಕೊಟ್ಟಿದ್ದೇನೆ. ಅದನ್ನು ಮಾರಾಟ ವಿಭಾಗದವರು ಕೇಳುತ್ತಿದ್ದರು. ಪುರುಷರ ಸರಕಿಗೂ ಇದ್ದಿಲಿನ ಪುಡಿಯನ್ನು ಹಾಗೆಯೇ ಕೇಳುತ್ತಿದ್ದರು, ಇದನ್ನೂ ಹೇಳಿಬಿಡಬೇಕು.

ಹಾಗೆಂದು ಎಲ್ಲ ಸರಕನ್ನೂ ಒಂದೇ ಎನ್ನಬೇಡಿ. ಬೆವರು ತಡೆಯುವ ಕಡ್ಡಿಗಳನ್ನು ತೆಗೆದುಕೊಳ್ಳಿ. ಅಮೆರಿಕದಲ್ಲಿ ಅವು ಔಷಧದ ನಿಯಮಕ್ಕೆ ಬರುವುದರಿಂದ ಅಲ್ಯೂಮಿನಿಯಂ ಲವಣದ ಶೇಕಡಾ ಪ್ರಮಾಣವನ್ನೇ ಲೇಬಲ್ ಮೇಲೆ ಮುದ್ರಿಸುತ್ತಾರೆ. ಅಲ್ಲಿ ತಟ್ಟೆಯೂ ಬೇಡ, ತಕ್ಕಡಿಯೂ ಬೇಡ, ಎರಡು ಸಂಖ್ಯೆಗಳನ್ನು ಓದಿದರೆ ಆಯಿತು. ಜೊತೆಗೆ, ಡಿಯೋಡರೆಂಟ್ ಎಂದು ಮಾತ್ರ ಬರೆದಿರುವುದರಲ್ಲಿ ಬೆವರು ತಡೆಯುವ ಲವಣವೇ ಇಲ್ಲದಿರಬಹುದು. ಒಂದು ಕಡ್ಡಿ ಬೆವರನ್ನು ತಡೆಯುವುದು, ಇನ್ನೊಂದು ವಾಸನೆಯನ್ನು ಮಾತ್ರ ಮರೆಸುವುದು ಆಗಿದ್ದರೆ ಬೆಲೆಯ ಹೋಲಿಕೆಯೇ ತಪ್ಪು.

ಲೆಕ್ಕದ ಸುಮಾ:
ಆರು ದಿನದ ನಂತರ ಬರೆಯುತ್ತಿದ್ದೇನೆ. ತಟ್ಟೆಗಳನ್ನು ಪುಸ್ತಕದ ಕಪಾಟಿನ ಮೇಲೆ ಇಟ್ಟಿದ್ದೆ. ಮೊದಲ ದಿನ ಎರಡೂ ಉಬ್ಬಿ ನೊರೆಯಾದವು, ಆಮೇಲೆ ಕುಗ್ಗಿ, ನಾಲ್ಕನೆಯ ದಿನಕ್ಕೆ ಮೇಣದಂಥ ಪದರವಾದವು. ಐದನೆಯ ಮತ್ತು ಆರನೆಯ ದಿನದ ತೂಕ ಒಂದೇ ಬಂತು. 20 ಗ್ರಾಂನಲ್ಲಿ ಕಪ್ಪು ಡಬ್ಬಿಯದು 3.7 ಗ್ರಾಂ ಉಳಿಯಿತು, ಗುಲಾಬಿ ಡಬ್ಬಿಯದು 3.8 ಗ್ರಾಂ. ನನ್ನ ತಕ್ಕಡಿಯ ತಪ್ಪೇ 0.1 ಗ್ರಾಂ ಇರಬಹುದಾದ್ದರಿಂದ ಇದನ್ನು ಸಮ ಎಂದೇ ತೆಗೆದುಕೊಂಡಿದ್ದೇನೆ. ತೆಳುವಾಗಿಸಿಲ್ಲ ಎಂದಾಯಿತೇ?

ಹಳೆಯ ಬೀಕರು:
ಆಯಿತು. ಉಳಿಕೆ ಸಮ, ಮೊದಲ ಆರು ಘಟಕಗಳ ಕ್ರಮ ಸಮ, ತಯಾರಕರೂ ಒಬ್ಬರೇ. ಸಾಬೂನಿನ ಭಾಗ ಒಂದೇ ಎಂದು ನಾನು ನಂಬುತ್ತೇನೆ. ಆ ಒಂದು ದಶಮಾಂಶ ಸಾರ್ಬಿಟಾಲ್ ಆಗಿರಲೂಬಹುದು, ತಕ್ಕಡಿಯ ಚಂಚಲತೆಯೂ ಆಗಿರಬಹುದು. ಉಳಿಕೆ ಒಂದೇ ಬಂದರೂ ಒಳಗಿನ ವಸ್ತುಗಳ ಪಾಲು ಬೇರೆ ಇರಬಹುದೆಂಬುದು ಈ ಪರೀಕ್ಷೆಯ ಮಿತಿ. ಪಾಮಿಟಿಕ್ ಕಡಿಮೆ ಮಾಡಿ ಸ್ಟಿಯರಿಕ್ ಹೆಚ್ಚಿಸಿದರೆ ತಟ್ಟೆಗೆ ಅದು ಗೊತ್ತಾಗುವುದಿಲ್ಲ. ಆದರೆ ಅವೆರಡರ ಬೆಲೆಯಲ್ಲಿ ಇಂಥ ಅಂತರವನ್ನು ಹುಟ್ಟಿಸುವಷ್ಟು ವ್ಯತ್ಯಾಸ ನಾನು ಕಂಡಿಲ್ಲ.

ಲೆಕ್ಕದ ಸುಮಾ:
ಗೋದಾಮಿನವರು ಹೇಳಿದಂತೆ ಅದೇ ತಯಾರಕರ ಪುರುಷರ ಸಣ್ಣ ಡಬ್ಬಿಯನ್ನೂ ಹುಡುಕಿದೆ. 75 ಮಿಲಿಲೀಟರಿನದು ಸಿಕ್ಕಿತು, ನನ್ನ ಅಳತೆಯಲ್ಲಿ ಬೆಲೆ 54. ನೂರು ಮಿಲಿಲೀಟರಿಗೆ 72 ಆಯಿತು. ಪುರುಷರ 200 ಮಿಲಿಲೀಟರ್ ಮತ್ತು 75 ಮಿಲಿಲೀಟರ್ ಡಬ್ಬಿಗಳ ನಡುವೆ ನೇರ ಗೆರೆ ಎಳೆದರೆ, 150 ಮಿಲಿಲೀಟರಿನ ಡಬ್ಬಿಯ ಬೆಲೆ 82ರ ಹತ್ತಿರ ಬರುತ್ತದೆ. ನನ್ನದು 90. ಅಂದರೆ ಗಾತ್ರದ ಪಾಲನ್ನು ಕಳೆದರೂ ಶೇಕಡಾ 10ರಷ್ಟು ಉಳಿಯುತ್ತದೆ.

ಗೋದಾಮಿನವ:
ಲೆಕ್ಕ ಚೆನ್ನಾಗಿದೆ, ಆದರೆ ನೇರ ಗೆರೆ ಸ್ವಲ್ಪ ಮೋಸ ಮಾಡಬಹುದು. ಪ್ರಯಾಣದ ಗಾತ್ರಕ್ಕೆ ಅವಸರದ ಗಿರಾಕಿಗಳಿರುವುದರಿಂದ ಬೆಲೆಯನ್ನು ಎತ್ತಿ ಇಟ್ಟಿರುತ್ತಾರೆ. ಅದನ್ನು ಸರಿಪಡಿಸಿದರೆ 150ರ ಅಂದಾಜು 82ಕ್ಕಿಂತ ಕೆಳಗೆ ಬಂದು ನಿಮ್ಮ ಶೇಕಡಾ 10 ಹೆಚ್ಚುತ್ತದೆ. ಇನ್ನೊಂದೆಡೆ, ಮಹಿಳೆಯರ ಜೆಲ್ ಕಡಿಮೆ ಸಂಖ್ಯೆಯಲ್ಲಿ ಮಾರಾಟವಾಗುತ್ತಿದ್ದರೆ ಒಂದು ಸಲಕ್ಕೆ ತಯಾರಿಸುವ ರಾಶಿ ಚಿಕ್ಕದಾಗಿ, ಡಬ್ಬಿಯೊಂದರ ಖರ್ಚು ನಿಜವಾಗಿಯೂ ಹೆಚ್ಚಾಗುತ್ತದೆ. ಉಳಿದ ಶೇಕಡಾ 10ರಲ್ಲಿ ಎಷ್ಟು ಖರ್ಚು, ಎಷ್ಟು ಲಾಭ ಎಂಬುದು ಹೊರಗಿನಿಂದ ತಿಳಿಯುವ ಸಂಗತಿಯಲ್ಲ.

ಮಲ್ಲಿಗೆ:
ಕೊಳ್ಳುವವಳ ಕೈಯಿಂದ ಹೋಗುವ ಹಣವಂತೂ ಎರಡೂ ಸಂದರ್ಭದಲ್ಲಿ ಒಂದೇ. ರಾಶಿ ಚಿಕ್ಕದಾದದ್ದು ಬೇರೆ ಡಬ್ಬಿ ಮಾಡಿದ್ದರಿಂದಲೇ ಅಲ್ಲವೇ?

ಗೋದಾಮಿನವ:
ಅದಕ್ಕೆ ನನ್ನ ಬಳಿ ಉತ್ತರವಿಲ್ಲ, ಮೇಡಂ.

ಬರೀ ಬಣ್ಣ:
ರೇಜರ್ ಬ್ಲೇಡುಗಳಿಗೂ ಈ ಥರದ ಪರೀಕ್ಷೆ ಮಾಡಲು ಬರುತ್ತದೆಯೇ?

ಹಳೆಯ ಬೀಕರು:
ಬ್ಲೇಡಿಗೆ ಘಟಕಗಳ ಪಟ್ಟಿಯಿಲ್ಲ, ತಟ್ಟೆಯಲ್ಲಿ ಒಣಗಿಸಿ ನೋಡುವಂಥದ್ದೂ ಏನಿಲ್ಲ. ಒಂದೇ ತಯಾರಕರ ಎರಡು ಕಾರ್ಟ್ರಿಜ್‌ಗಳು ಪರಸ್ಪರರ ಹಿಡಿಗೆ ಕೂರುತ್ತವೆಯೇ, ಅಲಗುಗಳ ಸಂಖ್ಯೆ ಒಂದೇ ಇದೆಯೇ ಎಂದು ನೋಡಬಹುದು. ಅಲಗಿನ ಲೇಪನ, ತಲೆ ಬಾಗುವ ಕೋನ ಇವು ಕಣ್ಣಿಗೆ ಸಿಗುವುದಿಲ್ಲ. ಅದನ್ನು ಬಲ್ಲವರು ಯಾರಾದರೂ ಇಲ್ಲಿದ್ದರೆ ಬರೆಯಲಿ, ನನ್ನ ಕೆಲಸ ದ್ರವಗಳದ್ದು.

ಲೆಕ್ಕದ ಸುಮಾ:
ಇನ್ನೊಂದು ಸಂಗತಿ ಅರ್ಥವಾಗದೆ ಉಳಿದಿದೆ. ಎರಡೂ ಡಬ್ಬಿಗಳನ್ನು ನಾನೊಬ್ಬಳೇ ತಲಾ ಐದು ಸಲ ಬಳಸಿ, ಮೊದಲೂ ಕೊನೆಗೂ ತೂಗಿದೆ. ಕಪ್ಪು ಡಬ್ಬಿಯಿಂದ 41 ಗ್ರಾಂ ಖರ್ಚಾಯಿತು, ಗುಲಾಬಿಯಿಂದ 49 ಗ್ರಾಂ. ಕಾಲುಗಳು ಅವೇ, ಕೈಯೂ ಅದೇ. ಗುಲಾಬಿ ಡಬ್ಬಿಯ ಗುಂಡಿ ಅಗಲವಾಗಿದ್ದು, ಒತ್ತಿದ ಕೂಡಲೇ ಹೆಚ್ಚು ಬರುತ್ತದೆಂದು ಅನ್ನಿಸಿತು. ಐದು ಸಲ ಸಾಲದು ಎಂದು ಗೊತ್ತು. ಈ ತಿಂಗಳು ಎರಡೂ ಡಬ್ಬಿಗಳ ಗುಂಡಿಯನ್ನು ಗಡಿಯಾರ ನೋಡಿಕೊಂಡು ಎರಡೇ ಸೆಕೆಂಡು ಒತ್ತಿ, ಪ್ರತಿ ಸಲವೂ ತೂಗಿ ಬರೆದಿಡುತ್ತೇನೆ.